ತಿಂಗಳ ಕಡಿತ ನಿಲ್ಲಿಸಿದ್ದು

ನನ್ನ ಖಾತೆಯಿಂದ ಪ್ರತಿ ತಿಂಗಳು ತಾನಾಗಿಯೇ ಹೋಗುತ್ತಿದ್ದ ಹೂಡಿಕೆಯ ಕಂತನ್ನು ನಿಲ್ಲಿಸಬೇಕೆಂದು ನಾನು ಬ್ಯಾಂಕಿಗೆ ಹೋದದ್ದು ಒಂದು ಮಂಗಳವಾರ. ಮಂಗಳವಾರ ಬೆಳಗಾವಿಯ ಅನಗೋಳದ ನಮ್ಮ ಓಣಿಯ ಹೆಂಗಸರೆಲ್ಲ ಬೆಳಿಗ್ಗೆ ದೇವಿಯ ಗುಡಿಗೆ ಹೋಗುತ್ತಾರೆ, ಬ್ಯಾಂಕಿನಲ್ಲಿ ಗುರುತಿನ ಮುಖ ಸಿಗುವುದಿಲ್ಲ ಎಂದು ಎಣಿಸಿ ಆ ದಿನವನ್ನೇ ಆರಿಸಿಕೊಂಡಿದ್ದೆ. ಆದರೂ ಸೀರೆ ಉಡುವಾಗ ಯಾವುದನ್ನು ಉಟ್ಟರೆ ಸರಿ ಎಂದು ಬಹಳ ಹೊತ್ತು ಯೋಚಿಸಿದೆ. ತೀರಾ ಹಳೆಯದು ಉಟ್ಟರೆ ಇವರಿಗೆ ಕಷ್ಟ ಬಂದಿದೆ ಅನ್ನಿಸುತ್ತದೆ; ಚೆನ್ನಾಗಿರುವುದು ಉಟ್ಟರೆ, ಇಂಥ ಸೀರೆ ಉಟ್ಟು ಬಂದು ಇಷ್ಟು ಸಣ್ಣ ಕಂತು ನಿಲ್ಲಿಸುತ್ತಾಳಲ್ಲ ಅನ್ನಿಸುತ್ತದೆ. ಕೊನೆಗೆ ನೀಲಿ ಅಂಚಿನ ಹತ್ತಿ ಸೀರೆ ಉಟ್ಟೆ. ಯಾರೂ ನೋಡಲಿಲ್ಲ. ನೋಡುತ್ತಾರೆಂದು ನಾನೇ ಅಂದುಕೊಂಡಿದ್ದೆ.

ಆ ಕಂತು ಶುರುವಾದದ್ದು ನನ್ನ ನೆಗೆಣ್ಣಿಯಿಂದ. ಇವರ, ಅಂದರೆ ನನ್ನ ಗಂಡನ, ಅಣ್ಣನ ಹೆಂಡತಿ, ಖಾನಾಪುರದಲ್ಲಿ ಮನೆ. ನಾನು ಅವರನ್ನು ಅಕ್ಕ ಎನ್ನುತ್ತೇನೆ, ಅವರು ನನ್ನನ್ನು ಬಾಯಿ ಎನ್ನುತ್ತಾರೆ. ಮಕ್ಕಳು ದೊಡ್ಡವರಾದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಪುಸ್ತಕ ತರಿಸಿಕೊಂಡು ಓದಿ, ಬೆಳಗಾವಿಗೆ ಬಂದು ಕಂಪ್ಯೂಟರಿನ ಮುಂದೆ ಕೂತು ಪರೀಕ್ಷೆ ಬರೆದು, ಮ್ಯೂಚುವಲ್ ಫಂಡ್ ಮಾಡಿಸಿಕೊಡುವ ಪರವಾನಗಿ ಪಡೆದರು. ಪರೀಕ್ಷೆಯ ಹಿಂದಿನ ದಿನ ನಮ್ಮ ಮನೆಯಲ್ಲೇ ಉಳಿದಿದ್ದರು. ನಾನು ಇಂಗ್ಲಿಷ್ ಪದಗಳ ಅರ್ಥ ಹೇಳಿಕೊಡುತ್ತಿದ್ದೆ, ಅವರು ಅದನ್ನು ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಬಾಯಿಪಾಠ ಮಾಡುತ್ತಿದ್ದರು. ಪಾಸಾದ ವಾರದಲ್ಲೇ ಅರ್ಜಿ ಹಿಡಿದುಕೊಂಡು ಬಂದು ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತರು.

"ಬೋಣಿ ನೀವ ಮಾಡಬೇಕ ನೋಡ್ರಿ ಬಾಯಿ. ನಿಮ್ಮ ಕೈ ಚಲೋ ಐತಿ."

ಖಾನಾಪುರದ ಪೇಟೆಯಲ್ಲಿ ಬೆಳಗಿನ ಮೊದಲ ಗಿರಾಕಿಯನ್ನು ಅಂಗಡಿಯವರು ಹೇಗೆ ನಡೆಸಿಕೊಳ್ಳುತ್ತಾರೆಂದು ನೋಡಿದವರಿಗೆ ಆ ಮಾತಿನ ತೂಕ ಗೊತ್ತು. ಮೊದಲ ವ್ಯಾಪಾರ ಮುರಿದರೆ ದಿನವೆಲ್ಲ ಮುರಿದ ಹಾಗೆ. ಅಕ್ಕ ಬೆರಳಿಟ್ಟು ತೋರಿಸಿದ ಚೌಕಗಳಲ್ಲಿ ನಾನು ಸಹಿ ಹಾಕಿದೆ. ಒಂದು ಚೌಕ ಹೂಡಿಕೆಯ ಅರ್ಜಿಯದು, ಇನ್ನೊಂದು ಬ್ಯಾಂಕಿಗೆ ಕೊಡುವ ಆದೇಶದ್ದು: ಈ ಕಂಪನಿ ಕೇಳಿದಾಗ ನನ್ನ ಖಾತೆಯಿಂದ ಇಷ್ಟರವರೆಗೆ ಕೊಡುತ್ತಿರಿ ಎಂದು. ಕಾನ್ವೆಂಟಿನ ಸಿಸ್ಟರ್ ತಿದ್ದಿಸಿದ ಓರೆ ಅಕ್ಷರದ ಸಹಿ. ಅಕ್ಕ ಅದನ್ನು ನೋಡಿ, "ಸಹಿ ಏನ ಚಂದ ಮಾಡ್ತೀರಿ, ರಾಂಗೋಳಿ ಹಾಕಿಧಂಗ," ಅಂದರು.

ಆಮೇಲೆ ಅವರು ಖಾನಾಪುರದಲ್ಲಿ ಯಾರ ಮನೆಗೆ ಹೋದರೂ ನನ್ನ ಹೆಸರನ್ನೇ ಮುಂದೆ ಮಾಡುತ್ತಿದ್ದರೆಂದು ನನಗೆ ಗೊತ್ತಿತ್ತು. ನಮ್ಮ ಬೆಳಗಾವಿ ಬಾಯಿ ಕಾನ್ವೆಂಟ್ ಕಲ್ತಾಕಿ, ಓದಲಾರ್ದ ಸಹಿ ಹಾಕಾಕಿ ಅಲ್ಲ, ಆಕೀನ ಹಾಕ್ಯಾಳ ಅಂದ ಮ್ಯಾಲ ನೋಡ್ರಿ. ಹಾಗೆ ಹೇಳಿ ಹೇಳಿ ಅವರ ಓಣಿಯಲ್ಲೇ ಹಲವು ಮನೆಗಳವರು ಸೇರಿದರು. ನನಗೆ ಒಳಗೊಳಗೇ ಹಿತವಾಗುತ್ತಿತ್ತು.

ಕಂತು ಶುರುವಾದ ಮೂರನೆಯ ವರ್ಷ ಇವರ ಅಂಗಡಿ ಹೋಯಿತು. ಇವರು ರವಿವಾರ ಪೇಟೆಯಲ್ಲಿ ಒಬ್ಬ ಪಾಲುದಾರನ ಜೊತೆ ಬೆಲ್ಲ, ಬೇಳೆ, ಮೆಣಸಿನಕಾಯಿಯ ಸಗಟು ವ್ಯಾಪಾರ ಮಾಡುತ್ತಿದ್ದರು. ಪಾಲು ಮುರಿಯಿತು. ಅಂಗಡಿಯ ಬೋರ್ಡು ಅಲ್ಲೇ ಇದೆ, ಪಾಲುದಾರ ಅಲ್ಲೇ ಇದ್ದಾನೆ, ಇವರು ಮಾತ್ರ ಎದುರಿನ ಸಾಲಿನಲ್ಲಿ ಬೇರೊಬ್ಬ ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯಲು ಕೂತರು. ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುತ್ತಾರೆ. ನೋಡಿದವರಿಗೆ ಏನೂ ಬದಲಾದಂತೆ ಕಾಣುವುದಿಲ್ಲ.

ಖಾನಾಪುರಕ್ಕೆ ಮಾತ್ರ ತಿಳಿಯಬಾರದು ಎಂದರು. ಅಂಗಡಿ ಶುರುವಾದಾಗ ಭಾವನವರು ಊರಿನ ಮನೆಯ ಹಿಂದಿನ ಹೊಲ ಮಾರಿ ಕೈತುಂಬ ಕೊಟ್ಟಿದ್ದರು. ಈಗಲೂ ಖಾನಾಪುರದಲ್ಲಿ ಯಾರ ಮನೆಯ ಮದುವೆಯಾದರೂ ಸಾಮಾನಿನ ಯಾದಿಯನ್ನು "ನನ್ನ ತಮ್ಮನ ಅಂಗಡ್ಯಾಗ ತಗೊಳ್ರಿ" ಎಂದು ಕಳಿಸುತ್ತಿದ್ದರು. ಯಾದಿ ಬಂದಾಗಲೆಲ್ಲ ಇವರು ನಾಲ್ಕು ಅಂಗಡಿ ತಿರುಗಿ, ಕೊಂಡ ಬೆಲೆಗೇ ಸಾಮಾನು ಕಟ್ಟಿಸಿ ಟೆಂಪೋಕ್ಕೆ ಹಾಕಿಸುತ್ತಿದ್ದರು. "ಅಣ್ಣಗ ನಾನ ಹೇಳ್ತೀನಿ, ಸ್ವಲ್ಪ ಸಂಭಾಳಿಸಿಕೊಂಡ ಮ್ಯಾಲ," ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾನು ಕೊಟ್ಟೆ.

ಮನೆ ನಡೆಯಬೇಕಾದರೆ ಮೊದಲು ನಿಲ್ಲಬೇಕಾದದ್ದು ಆ ಕಂತು. ಕಂಪನಿಗೆ ಅರ್ಜಿ ಕೊಟ್ಟು ನಿಲ್ಲಿಸುವುದು ನೇರವಾದ ದಾರಿ. ಆದರೆ ಆ ಅರ್ಜಿ ಅಕ್ಕನ ಕೈಯಿಂದಲೇ ಹೋಗಬೇಕು, ಇಲ್ಲವೇ ಅವರಿಗೆ ಸುದ್ದಿ ಮುಟ್ಟಬೇಕು. ಅಕ್ಕ ಕೇಳುತ್ತಾರೆ, ಯಾಕ್ರಿ ಬಾಯಿ ಎಂದು. ನನಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ಆಗ ನಂಬಿದ್ದೆ. ಬ್ಯಾಂಕಿಗೇ ನೇರವಾಗಿ ಬರೆದುಕೊಟ್ಟರೆ ಅವರು ಕಡಿತ ನಿಲ್ಲಿಸಲೇಬೇಕು ಎಂದು ಯಾರೋ ಹೇಳಿದ್ದು ನೆನಪಾಯಿತು. ಯಾರ ಕಣ್ಣಿಗೂ ಬೀಳದೆ ಮುಗಿದುಹೋಗುತ್ತದೆ ಎನ್ನಿಸಿತು.

ಮನೆಯಲ್ಲಿ ಪತ್ರ ಬರೆದೆ. ಮೂರು ಸಲ ಹರಿದೆ. ಶಾಲೆಯಲ್ಲಿ ಕಲಿಸಿದ ಹಾಗೆ ಬಲಕ್ಕೆ ದಿನಾಂಕ, ಎಡಕ್ಕೆ ಮ್ಯಾನೇಜರರ ಹುದ್ದೆ, ನಂತರ ಗೌರವದ ಸಂಬೋಧನೆ. ಕೆಲವು ಅನಿವಾರ್ಯ ಕೌಟುಂಬಿಕ ಸಂದರ್ಭಗಳ ನಿಮಿತ್ತ ಎಂದು ಇಂಗ್ಲಿಷಿನಲ್ಲಿ ಬರೆದು, ಅದನ್ನು ಹೊಡೆದು, ಹಣಕಾಸಿನ ಯೋಜನೆಗಳ ಮರುಪರಿಶೀಲನೆಯ ನಿಮಿತ್ತ ಎಂದು ಬರೆದೆ. ಯೋಜನೆಗಳು ಎಂಬ ಬಹುವಚನ ಓದಿ ನನಗೇ ನಾಚಿಕೆಯಾಯಿತು.

ಬ್ಯಾಂಕಿನಲ್ಲಿ ಈ ಕೆಲಸ ನೋಡುವ ಅಧಿಕಾರಿ ವಿಜಯಪುರದ ಕಡೆಯ ಮಾತಿನ ಹುಡುಗಿ. ಪತ್ರವನ್ನು ಮೇಲಿನಿಂದ ಕೆಳಗೆ ಕಣ್ಣಾಡಿಸಿ ನೋಡಿದಳು.

"ಮೇಡಂ, ಕಾರಣ ಇಷ್ಟ ಬರದೀರಿ, ಯಾವ ಕಂಪನೀದು ಅಂತ ಬರದಿಲ್ರಿ. ನಿಮ್ಮ ಖಾತೇದ ಮ್ಯಾಲ ಎರಡ ಹುಕುಂ ಅದಾವ. ಒಂದ ವಿಮಾದ್ದು, ಒಂದ ಫಂಡಿಂದು. ಯಾವುದ ಬಂದ್ ಮಾಡೂದು?"

ಹಿಂದೆ ಪಾಸ್‌ಬುಕ್ ಹಿಡಿದು ನಿಂತವರು ಅತ್ತ ನೋಡಿದರು. "ಫಂಡ್," ಎಂದು ನಾನು ಪಿಸುಗುಟ್ಟಿದೆ.

"ಆಂ?"

"ಫಂಡಿಂದ್ರಿ."

ಅವಳು ಕಂಪ್ಯೂಟರಿನಲ್ಲಿ ಹುಡುಕಿ ಆ ಆದೇಶದ ನೋಂದಣಿ ಸಂಖ್ಯೆ ತೆಗೆದಳು. ಅಕ್ಷರ, ಅಂಕಿ ಸೇರಿದ ಉದ್ದನೆಯ ಸಂಖ್ಯೆ. "ಇದನ್ನ ಬರೀರಿ, ಕಂಪನಿ ಹೆಸರ ಬರೀರಿ, ಖಾತೆ ನಂಬರ್ ಬರೀರಿ, ಈ ಹುಕುಂ ರದ್ದ ಮಾಡ್ರಿ ಅಂತ ಬರೀರಿ. ಸಹಿ ನಮ್ಮಲ್ಲಿ ಇದ್ಧಂಗ ಇರ್ಲಿ. ಕಾರಣ ಏನೂ ಬ್ಯಾಡ್ರಿ."

"ಕಂಪನಿಯವರ ಒಪ್ಪಿಗಿ ಪತ್ರ ಏನರ ಬೇಕಾಗ್ತದೇನ್ರಿ?"

"ಯಾಕ ಬೇಕು? ಕೊಟ್ಟಾವ್ರು ನೀವು, ವಾಪಸ್ ತಗೊಳ್ಳಾವ್ರೂ ನೀವ. ಆದ್ರ ಒಂದ ಮಾತ ಕೇಳ್ರಿ. ನಾವು ರೊಕ್ಕ ಕೊಡೂದಷ್ಟ ನಿಲ್ಲಸ್ತೀವಿ. ಅಲ್ಲಿ ನಿಮ್ಮ ಪ್ಲಾನ್ ಹಂಗ ಚಾಲೂ ಇರ್ತೈತಿ. ಅವ್ರಿಗೂ ನಿಲ್ಲಸ್ರಿ ಅಂತ ತಿಳಸಬೇಕ ನೀವು. ಇಲ್ಲಂದ್ರ ಅವ್ರ ತಿಂಗಳಾ ಕೇಳ್ತಾರ, ನಾವ ತಿಂಗಳಾ ವಾಪಸ್ ಕಳಸ್ತೀವಿ. ಹಿಂಗ ಸಾಲಾಗಿ ತಪ್ಪಿದ ಮ್ಯಾಲ ಅವ್ರ ಬಂದ್ ಮಾಡ್ತಾರ. ಅಲ್ಲೀತನ ಕಟ್ಟಿದ್ದೆಲ್ಲಾ ನಿಮ್ದ, ಅದೇನ ಹೋಗೂದಿಲ್ಲ."

ತಿಳಿಸುತ್ತೇನೆ ಎಂದೆ. ತಿಳಿಸಲಿಲ್ಲ.

ಅಲ್ಲೇ ಎರಡು ಬಿಳಿ ಹಾಳೆ ಇಸಿದುಕೊಂಡು, ಗೋಡೆಯ ಕಡೆ ಮುಖ ಮಾಡಿ ನಿಂತು ಮತ್ತೆ ಬರೆದೆ. ಕಾರಣವಿಲ್ಲದ ಪತ್ರ ನಾಲ್ಕೇ ಸಾಲಿನದಾಯಿತು. ಅದರ ಇನ್ನೊಂದು ಪ್ರತಿಯ ಮೇಲೆ ಅವಳು ಮುಟ್ಟಿದ್ದಕ್ಕೆ ಸೀಲು ಹೊಡೆದು, ದಿನಾಂಕ ಹಾಕಿ ಕೊಟ್ಟಳು. "ಈ ಸಲದ ಕಂತು ಭಾಳ ಸಮೀಪ ಐತಿ. ಇದು ಕೆಲವು ದಿನ ತಗೊಂತೈತಿ, ಈ ತಿಂಗಳಿಂದು ಹೋದ್ರೂ ಹೋಗಬಹುದು ಮತ್ತ," ಎಂದು ಎಚ್ಚರಿಸಿದಳು. ಹಾಗೆಯೇ ಆಯಿತು. ಆ ತಿಂಗಳಿನದು ಹೋಯಿತು, ಗ್ಯಾಸ್ ಸಿಲಿಂಡರ್ ತರುವುದನ್ನು ಮುಂದೆ ಹಾಕಿದೆ. ಮರುತಿಂಗಳು ಹೋಗಲಿಲ್ಲ. ಕಂಪನಿಯಿಂದ ನಿಮ್ಮ ಕಂತು ಬಂದಿಲ್ಲ ಎಂದು ಮೊಬೈಲಿಗೆ ಸಂದೇಶ ಬಂತು. ಓದಿ ಅಳಿಸಿಹಾಕಿದೆ.

ಕಂತು ತಪ್ಪಿದ ಸುದ್ದಿ ಅದನ್ನು ಮಾಡಿಸಿಕೊಟ್ಟವರಿಗೂ ಹೋಗುತ್ತದೆ, ಯಾಕೆ ತಪ್ಪಿತು ಎಂಬ ಕಾರಣದ ಸಮೇತ ಹೋಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಕಾರಣ ಏನೂ ಬೇಡ ಎಂದು ಆ ಹುಡುಗಿ ಹೇಳಿದ್ದನ್ನೇ ಹಿಡಿದುಕೊಂಡು ನಾನು ನಿಶ್ಚಿಂತೆಯಿಂದಿದ್ದೆ.

ಅಕ್ಕ ಪ್ರತಿ ರವಿವಾರ ಫೋನು ಮಾಡುತ್ತಿದ್ದವರು ಆ ರವಿವಾರ ಮಾಡಲಿಲ್ಲ. ಮುಂದಿನ ರವಿವಾರವೂ ಇಲ್ಲ. ನಾನೂ ಮಾಡಲಿಲ್ಲ. ಅತ್ತೆಯವರ ತಿಥಿ ಹತ್ತಿರ ಬಂದಿತ್ತು, ಹೇಗೂ ಹೋಗಲೇಬೇಕು.

ಇವರ ಸ್ಕೂಟರಿನಲ್ಲಿ ಬೆಳಿಗ್ಗೆ ಬೇಗ ಖಾನಾಪುರಕ್ಕೆ ಹೋದೆವು. ಅಕ್ಕ ಬಾಗಿಲಲ್ಲಿ ನಿಂತು, "ಬರ್ರಿ, ಕಾಲ ತೊಳಕೊಳ್ರಿ," ಎಂದರು. ಬಾಯಿ ಎನ್ನಲಿಲ್ಲ. ಅಡುಗೆಮನೆಯಲ್ಲಿ ವಡೆಯ ಹಿಟ್ಟು ರುಬ್ಬಿಟ್ಟಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತೆ. ಅವರು ವಡೆ ತಟ್ಟಿ ಎಣ್ಣೆಗೆ ಬಿಡುತ್ತಿದ್ದರು, ನಾನು ಜಾಲರಿಯಲ್ಲಿ ತಿರುವಿ ಹಾಕುತ್ತಿದ್ದೆ. ಅವರ ಬಲಗೈಯ ಹಸಿರು ಬಳೆಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ತಟ್ಟುವಾಗಲೆಲ್ಲ ಅದು ಉಳಿದವುಗಳಿಗಿಂತ ಬೇರೆ ಸದ್ದು ಮಾಡುತ್ತಿತ್ತು. 

"ಖೀರಿಗೆ ಯಾಲಕ್ಕಿ ಹಾಕಿದ್ರೇನ ಅಕ್ಕಾ?"

"ಹಾಕೀನಿ. ನಿಮಗ ಬ್ಯಾಡಾದ್ರ ಬ್ಯಾಂಕಿಗೆ ಒಂದ ಚೀಟಿ ಬರದ ಕೊಡ್ರಿ, ಬಂದ್ ಮಾಡಸ್ತಾರ."

ಜಾಲರಿಯ ಮೇಲಿದ್ದ ವಡೆ ಜಾರಿ ಎಣ್ಣೆಗೆ ಬಿತ್ತು.

"ಖಾತೆದಾರರು ನಿಲ್ಲಸ್ಯಾರ ಅಂತ ಬಂತ್ರಿ ನನ್ನ ಫೋನಿಗೆ. ಮೊದಲ ನಾ ನಂಬಲಿಲ್ಲ. ಬ್ಯಾಂಕಿನವರ ತಪ್ಪ ಇರಬೇಕ ಅಂದೆ, ನಮ್ಮ ಬಾಯಿ ಹಂಗ ಮಾಡಾಕಿ ಅಲ್ಲ ಅಂದೆ. ಬೋಣಿ ಮಾಡಿದಾಕಿ. ನನಗ ಒಂದ ಫೋನ್ ಮಾಡಾಕ ಆಗಲಿಲ್ಲ ನಿಮಗ? ಖರೇ ಹೇಳ್ರಿ, ನನ್ನ ಮ್ಯಾಲ ಭರವಸಾ ಹೋತಿಲ್ಲೋ? ಖಾನಾಪುರದಾಕಿ, ಆಕಿಗೇನ ತಿಳೀತೈತಿ ಅಂತ."

"ಹಂಗಲ್ರಿ ಅಕ್ಕಾ."

"ಮತ್ತ ಹೆಂಗ?"

ಪಡಸಾಲೆಯಲ್ಲಿ ಇವರು ಭಾವನವರ ಜೊತೆ ಕೂತು ಬಾಳೆಯೆಲೆ ಒರೆಸುತ್ತಿದ್ದರು. ಭಾವನವರು ಯಾವುದೋ ಮದುವೆಯ ವಿಷಯ ಹೇಳುತ್ತಿದ್ದರು: "ಯಾದಿ ದೊಡ್ಡದೈತಿ, ಬೆಲ್ಲ ಕೊಲ್ಹಾಪುರದ್ದ ಹಾಕು." ಇವರು "ಹೂಂ ಅಣ್ಣಾ" ಎನ್ನುತ್ತಿದ್ದರು. ಅದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಇವರ ಗೆಳೆಯರೊಬ್ಬರು ಬ್ಯಾರೆ ಪ್ಲಾನ್ ಹೇಳಿದ್ರು," ಎಂದೆ. "ಅದು ಸ್ವಲ್ಪ ಚಲೋ ಐತಿ ಅಂತ."

ಎಷ್ಟು ಸುಲಭವಾಗಿ ಬಂತೆಂದರೆ ನನಗೇ ಬೆರಗಾಯಿತು. ಅಕ್ಕ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದರು. ಅವರ ಮೂಗಿನ ಮೇಲೆ ಹಿಟ್ಟಿನ ಒಂದು ಚುಕ್ಕೆ ಇತ್ತು. "ಚಲೋ ಆತು," ಎಂದರು. ಅದಾದ ಮೇಲೆ ವಡೆಗಳನ್ನು ತಾವೇ ತಿರುವಿ ಹಾಕತೊಡಗಿದರು, ಜಾಲರಿ ನನ್ನ ಕೈಯಿಂದ ತೆಗೆದುಕೊಂಡು.

ಹಿತ್ತಲ ಬಾಗಿಲಲ್ಲಿ ಪಕ್ಕದ ಮನೆಯಾಕೆ ನಿಂತಿದ್ದಳು. ಅವಳ ಗಂಡ ಹೆಂಚಿನ ಕಾರ್ಖಾನೆಯ ಲಾರಿ ಓಡಿಸುತ್ತಾನೆ. ಅಕ್ಕನ ಓಣಿಯಲ್ಲಿ ನನ್ನ ಹೆಸರು ಕೇಳಿ ಕಂತು ಶುರುಮಾಡಿದವರಲ್ಲಿ ಅವಳೂ ಒಬ್ಬಳು. ಒರೆಸಿದ ಬಾಳೆಯೆಲೆ ಉಳಿದರೆ ಕೇಳಲು ಬಂದಿದ್ದಳಂತೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಏನೂ ಕೇಳದೆ, "ಆಮ್ಯಾಲ ಬರ್ತೀನಿ," ಎಂದು ಹೋದಳು.

ಪೂಜೆ, ಪಿಂಡ, ಬ್ರಾಹ್ಮಣರ ಊಟ ಎಲ್ಲ ಆಯಿತು. ನಾವು ಉಂಡೆದ್ದಾಗ ಮಧ್ಯಾಹ್ನ ಕಳೆದಿತ್ತು. ಗಂಡಸರು ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ನಾನೂ ಅಕ್ಕನೂ ನಡುಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆವು. ಆಗ ಪಕ್ಕದ ಮನೆಯಾಕೆ ಮತ್ತೆ ಬಂದಳು. ಸೆರಗಿನೊಳಗಿಂದ ಪಾಸ್‌ಬುಕ್ ತೆಗೆದಳು.

"ಬಾಯಾರ, ನೀವು ಬ್ಯಾಂಕಿಗೆ ಬರದ ಕೊಟ್ರಂತಲ್ಲ, ಹಂಗ ನಂದೂ ಒಂದ ಬರದ ಕೊಡ್ರಿ. ನಿಮ್ಮ ಅಕ್ಷರ ಚಲೋ ಅದಾವಂತ. ಮತ್ತ ಆ ಇನ್ನೊಂದ ಪ್ಲಾನ್ ಅಂದ್ರೆಲ್ಲ, ಚಲೋದು, ಅದು ಯಾವುದು ಹೇಳ್ರಿ. ನಮ್ಮನಿಯವ್ರೂ ಕೇಳಾಕತ್ತಾರ."

ಅಕ್ಕ ಪಾತ್ರೆ ಒರೆಸುವುದನ್ನು ನಿಲ್ಲಿಸಲಿಲ್ಲ. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಪೆನ್ ಅಲ್ಲಿ ಫ್ರಿಜ್ ಮ್ಯಾಲೈತಿ," ಎಂದು ನನಗೆ ಹೇಳಿದರು. "ಬರದ ಕೊಡ್ರಿ. ಅವ್ರ ಖಾತೆ, ಅವ್ರ ಮರ್ಜಿ. ಇನ್ನ ಓಣ್ಯಾಗ ಉಳದಾವ್ರನ್ನೂ ಕರೀ ಬೇ, ಬಾಯಿ ಇದ್ದಾಗ ಎಲ್ಲಾರದೂ ಆಗಿಬಿಡ್ಲಿ. ಮತ್ತ ಮತ್ತ ಬೆಳಗಾವಿಯಿಂದ ಅವ್ರಿಗೆ ತ್ರಾಸ ಯಾಕ."

ಪೆನ್ನು ತಂದೆ. ಹಾಳೆ ತಂದೆ. ಮಾನ್ಯರೇ ಎಂದು ಕನ್ನಡದಲ್ಲೇ ಬರೆದೆ. ಅವಳ ಹೆಸರು, ಖಾತೆಯ ಸಂಖ್ಯೆ ಬರೆದೆ. ಕೈ ತನ್ನಷ್ಟಕ್ಕೆ ಚೆನ್ನಾಗಿ ಬರೆಯುತ್ತಿತ್ತು, ಸಿಸ್ಟರ್ ಹೇಳಿಕೊಟ್ಟ ಹಾಗೆ ಸಾಲು ಸೊಟ್ಟಗಾಗದೆ.  ಅಕ್ಕನ ಕಡೆ ನೋಡಿದೆ. ಅವರು ಒಂದು ಲೋಟವನ್ನು ಬೆಳಕಿಗೆ ಹಿಡಿದು ಕಲೆ ಇದೆಯೇ ಎಂದು ಪರೀಕ್ಷಿಸುತ್ತಿದ್ದರು. ಅವರ ಕಣ್ಣು ಲೋಟದ ಮೇಲಿರಲಿಲ್ಲ. ಪರೀಕ್ಷೆಯ ಹಿಂದಿನ ಸಂಜೆ ನಮ್ಮ ಮನೆಯಲ್ಲಿ ಒಂದು ಪದ ಬಾರದೆ ಹೋದಾಗ ಹೀಗೆಯೇ ಕೂತಿದ್ದರು.

ಈ ಹಾಳೆ ಖಾನಾಪುರದ ಬ್ಯಾಂಕಿಗೆ ಹೋದರೆ ಅದರ ಹಿಂದೆ ಇನ್ನೂ ಹೋಗುತ್ತವೆ. ಓಣಿಯಲ್ಲಿ ಒಬ್ಬರ ಮಾತಿನ ಮೇಲೆ ಸೇರಿದವರು ಒಬ್ಬರ ಮಾತಿನ ಮೇಲೆ ಬಿಡುತ್ತಾರೆ. ಪೆನ್ನು ಕೆಳಗಿಟ್ಟೆ.

"ಬ್ಯಾರೆ ಪ್ಲಾನ್ ಯಾವುದೂ ಇಲ್ರಿ," ಎಂದೆ. "ಸುಳ್ಳ ಹೇಳಿದೆ. ಇದು ಚಲೋನ ಐತಿ. ನಮಗ ಕಟ್ಟಾಕ ಆಗವಲ್ದು, ಅದಕ್ಕ ನಿಲ್ಲಸಿದ್ದು."

ಪಕ್ಕದ ಮನೆಯಾಕೆಗೆ ಅರ್ಥವಾಗಲಿಲ್ಲ. "ನಿಮಗ?" ಎಂದಳು. "ಅಷ್ಟ ದೊಡ್ಡ ಅಂಗಡಿ ಐತೆಲ್ರಿ ರವಿವಾರ ಪೇಟ್ಯಾಗ."

"ಅಂಗಡಿ ಈಗ ಇಲ್ರಿ."

ಹೊರಗೆ ಅಡಿಕೆ ಕತ್ತರಿಸುತ್ತಿದ್ದ ಅಡಕೊತ್ತಿನ ಸದ್ದು ನಿಂತಿತು. ಪಡಸಾಲೆಗೂ ನಡುಮನೆಗೂ ನಡುವೆ ಇರುವುದು ಒಂದು ಪರದೆ ಮಾತ್ರ. ಅದರ ಕೆಳಗೆ ಇವರ ಪಾದಗಳು ಕಾಣುತ್ತಿದ್ದವು. ಎರಡೂ ಹೆಬ್ಬೆರಳು ಒಳಗೆ ಮಡಚಿಕೊಂಡಿದ್ದವು, ಚಳಿ ಹಿಡಿದ ಮಗುವಿನ ಕಾಲಿನಂತೆ. ನಾನು ಮಾತು ಮುರಿದಿದ್ದೆ, ಅದೂ ಅವರ ತಾಯಿಯ ತಿಥಿಯ ದಿನ, ಅವರ ಅಣ್ಣನ ಎದುರಿನಲ್ಲಿ, ನೆರೆಯವಳ ಮುಂದೆ.

 ಪಕ್ಕದ ಮನೆಯಾಕೆ ಪಾಸ್‌ಬುಕ್ಕನ್ನು ಮತ್ತೆ ಸೆರಗಿನೊಳಗೆ ಇಟ್ಟುಕೊಂಡಳು.

"ಹಂಗಾದ್ರ ನಾ ಯಾಕ ನಿಲ್ಲಸ್ಲಿ? ನಮಗೇನಾಗೈತಿ? ನಮ್ಮನಿಯವ್ರ ಪಗಾರ ಬರೋಬ್ಬರಿ ಬರತೈತಿ."

ಅದರಲ್ಲಿ ಕುಹಕವೇನೂ ಇರಲಿಲ್ಲ. ಅವಳಿಗೆ ಸಮಾಧಾನವಾಗಿತ್ತು, ಅಷ್ಟೇ. ಅಕ್ಕ ಅವಳಿಗೆ ಡಬ್ಬಿಯಲ್ಲಿ ವಡೆ ಹಾಕಿ ಕೊಟ್ಟರು. "ಬರ್ತೀನ್ರಿ ಬಾಯಾರ, ಆರಾಮ ಆಗ್ತೈತಿ ಬಿಡ್ರಿ," ಎಂದು ನನಗೆ ಹೇಳಿ ಹೋದಳು. ಕಾಯಿಲೆ ಬಿದ್ದವರಿಗೆ ಹೇಳುವ ಹಾಗೆ.

ನಾನು ಅರ್ಧ ಬರೆದ ಹಾಳೆಯನ್ನು ಹರಿಯಲೂ ಆಗದೆ ಮಡಚಲೂ ಆಗದೆ ಕೂತಿದ್ದೆ. ಅಕ್ಕ ಬಂದು ಎದುರಿಗೆ ಕೂತರು. ಅವರು ನನ್ನನ್ನು ತಬ್ಬಿಕೊಳ್ಳುತ್ತಾರೆ, ಸಮಾಧಾನ ಮಾಡುತ್ತಾರೆ ಎಂದು ನಾನು ಅಂದುಕೊಂಡಿದ್ದೆನೋ ಏನೋ. ಅವರಿಗೆ ಸಿಟ್ಟು ಬಂದಿತ್ತು.

"ಕೆಲವು ತಿಂಗಳ ಕಂತು ತಡದ ಇಡಾಕ ಬರತೈತಿ ಆ ಪ್ಲಾನಿಗೆ. ಒಂದ ಅರ್ಜಿ. ನಾನ ತುಂಬಿ ಕೊಡ್ತಿದ್ದೆ. ಬ್ಯಾಡ, ಪೂರ್ತಿ ಬಂದ್ ಮಾಡ್ರಿ ಅಂದ್ರೂ ಮಾಡಸ್ತಿದ್ದೆ. ನಾ ಏನ ನಿಮ್ಮನ್ನ ಯಾಕ ಅಂತ ಕೇಳ್ತಿದ್ನೇನು?"

ಕೇಳುತ್ತಿದ್ದಿರಿ ಎನ್ನಬೇಕೆಂದು ನಾಲಿಗೆಗೆ ಬಂತು.

"ಹೂಂ, ಕೇಳ್ತಿದ್ದೆ," ಎಂದು ಅವರೇ ಅಂದರು. "ಕೇಳ್ತಿದ್ದೆ. ಆದ್ರ ಕೇಳಿದ್ದನ್ನ ಹೊಟ್ಟ್ಯಾಗ ಇಟ್ಕೊಂತಿದ್ದೆ. ಈ ಓಣ್ಯಾಗ ಯಾರ ಕಂತು ಯಾಕ ತಪ್ಪೈತಿ, ಯಾರ ಗಂಡ ರೊಕ್ಕ ಎಲ್ಲಿ ಒಯ್ದ ಹಾಕ್ಯಾನ, ಎಲ್ಲಾ ನನಗ ಗೊತ್ತೈತಿ. ನಿಮ್ಮ ಭಾವಗ ಒಂದರ ಹೇಳೀನಂತ ಕೇಳ್ರಿ ಬೇಕಾದ್ರ. ನಿಮ್ಮ ದೃಷ್ಟ್ಯಾಗ ನಾ ಅಷ್ಟೂ ಇಲ್ಲ."

  ಇವರ ಮಾನ ಕಾಯಲು ನಾನು ಬ್ಯಾಂಕಿಗೆ ಹೋದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಇಂಗ್ಲಿಷ್ ಪದಗಳ ಅರ್ಥ ನನ್ನಿಂದ ಕಲಿತ ಹೆಂಗಸು ಒಂದು ಗುಟ್ಟನ್ನು ನನ್ನ ಹಾಗೆ ನಯವಾಗಿ ಇಟ್ಟುಕೊಳ್ಳಲಾರಳು ಎಂಬ ಎಣಿಕೆಯೂ ಅದರೊಳಗೆ ಇತ್ತು. ಅದನ್ನು ಅಕ್ಕ ನನಗಿಂತ ಮೊದಲು ಕಂಡುಹಿಡಿದಿದ್ದರು. ಅವರು ಕಂಡದ್ದನ್ನು ನಾನು ಕಂಡೆ ಎಂಬುದೂ ಅವರಿಗೆ ಗೊತ್ತಾಯಿತು. ಇಬ್ಬರೂ ನೆಲ ನೋಡಿದೆವು.

ಅಕ್ಕ ಎದ್ದು ಫೋನು ತಂದರು. "ಬ್ಯಾಂಕಿನ್ಯಾಗ ನಿಲ್ಲಸೀರಿ, ಇಲ್ಲಿ ಪ್ಲಾನ್ ಇನ್ನಾ ಚಾಲೂ ಐತಿ. ಪ್ರತಿ ತಿಂಗಳ ತಪ್ಪಿದ್ದು ತಪ್ಪಿದ್ದು ಅಂತ ಬರೂದು ಬ್ಯಾಡ. ಬಂದ್ ಮಾಡೂಣು. ನಿಮ್ಮ ಫೋನಿಗೆ ನಂಬರ್ ಬರತೈತಿ ನೋಡ್ರಿ, ಹೇಳ್ರಿ." ಬಂದ ಅಂಕಿಗಳನ್ನು ನಾನು ಒಂದೊಂದಾಗಿ ಹೇಳಿದೆ. ಅವರು ಕನ್ನಡಕ ಹಣೆಗೇರಿಸಿ, ತೋರುಬೆರಳಿನಿಂದ ಒತ್ತಿದರು. ತಮ್ಮ ಬೋಣಿಯನ್ನು ತಾವೇ ಮುಗಿಸಿದರು. "ಕಟ್ಟಿದ್ದು ಹಂಗ ಇರ್ಲಿ. ಅದನ್ನ ಮುಟ್ಟಬ್ಯಾಡ್ರಿ, ಬೆಳೀತೈತಿ. ಮುಂದ ಕೈಯಾಗ ಬಂದಾಗ ಮತ್ತ ಹೊಸಾ ಅರ್ಜಿ, ಬ್ಯಾಂಕಿಗೆ ಹೊಸಾ ಹುಕುಂ. ಹಳೇದ ನಡೆಯೂದಿಲ್ಲ." ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದರು. ಆ ದನಿಯಲ್ಲಿ ಅವರು ನನ್ನ ಜೊತೆ ಮಾತಾಡಿದ್ದು ಅದೇ ಮೊದಲು.

ಪಡಸಾಲೆಯಲ್ಲಿ ಅಣ್ಣ ತಮ್ಮ ಏನು ಮಾತಾಡಿದರೆಂದು ನನಗೆ ಗೊತ್ತಿಲ್ಲ. ಹೆಚ್ಚೇನೂ ಆಡಿದಂತೆ ಕೇಳಲಿಲ್ಲ. ಹೊರಡುವಾಗ ಭಾವನವರು ಒಳಗಿನಿಂದ ಅಕ್ಕಿಯ ಚೀಲ ತಂದು ಸ್ಕೂಟರಿನ ಮುಂದಿನ ಜಾಗದಲ್ಲಿ, ಕಾಲಿಡುವಲ್ಲಿ ನಿಲ್ಲಿಸಿದರು. ಪ್ರತಿ ವರ್ಷ ಕೊಡುತ್ತಾರೆ. ಪ್ರತಿ ವರ್ಷ ಇವರು, "ಏ ಅಣ್ಣಾ, ಅಂಗಡಿಯವ್ನ ಮನಿಗೆ ಅಕ್ಕಿ ಕಳಸ್ತಿ ಏನು," ಎಂದು ನಗಾಡಿ, ಒಂದು ಸುತ್ತು ಜಗ್ಗಾಡಿಯೇ ತೆಗೆದುಕೊಳ್ಳುವುದು. ಈ ಸಲ ಇವರು ಬೇಡ ಎನ್ನಲಿಲ್ಲ. ಬಾಗಿ, ಚೀಲ ಅಲುಗಾಡದ ಹಾಗೆ ಎರಡೂ ಕಾಲು ಒತ್ತಿ ಕೂತರು. ಭಾವನವರು ಸ್ಕೂಟರಿನ ಕನ್ನಡಿಯನ್ನು ಸುಮ್ಮನೆ ಒಮ್ಮೆ ಒರೆಸಿದರು.

"ಆ ಮದುವಿ ಯಾದಿ," ಎಂದರು ಇವರು.

"ಅದನ್ನ ನಾ ನೋಡ್ಕೊಂತೀನಿ. ನೀ ಸಾವಕಾಶ ಹೋಗು."

 ಮನೆ ಮುಟ್ಟಿ, ಚೀಲವನ್ನು ಹೆಗಲಿಗೆ ಹಾಕಿಕೊಂಡು ಇವರು ಮೆಟ್ಟಿಲು ಹತ್ತಿದರು. ನಾನು ಹಿಂದೆ ನಿಂತು ಕೀಲಿ ಹುಡುಕುತ್ತಿದ್ದೆ. ಬಾಗಿಲು ತೆಗೆಯುವತನಕ ಇವರು ಚೀಲ ಇಳಿಸದೆ ಹಾಗೇ ನಿಂತಿದ್ದರು, ಮುಖ ಗೋಡೆಯ ಕಡೆ. ಇವರ ಕತ್ತಿನ ಮೇಲೆ ಗೋಣಿಯ ನಾರು ಒತ್ತಿ ಕೆಂಪಾಗಿತ್ತು. ಹುಡುಕುತ್ತಿದ್ದ ಕೀಲಿ ಕೈಯಲ್ಲೇ ಇತ್ತು. ಅದು ಬೀಗದ ತೂತಿಗೆ ಸೇರಲು ಬಹಳ ಹೊತ್ತು ಬೇಕಾಯಿತು.